ಸಹಾಯ ಬೇಕು: ಆಕರ ಪ್ರಶ್ನೆಯಲ್ಲಿ ನಂಬಿಕೆ ಮತ್ತು ಮಿತಿ ಬೇರೆ ಬೇರೆನಾ?

ಇತಿಹಾಸದ ಮೂಲ ಆಕರ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಆಕರದ ಮೂಲ, ಉದ್ದೇಶ, ಅದನ್ನು ಎಷ್ಟು ನಂಬಬಹುದು, ಅದರ ಮಿತಿ ಏನು ಎಂದು ಬರೆಯಬೇಕು. ಕೊಟ್ಟಿರುವುದು 1916ರಲ್ಲಿ ಫ್ರಾನ್ಸಿನ ಕಂದಕದಿಂದ ಒಬ್ಬ ಬ್ರಿಟಿಷ್ ಸೈನಿಕ ತಾಯಿಗೆ ಬರೆದ ಪತ್ರದ ನಾಲ್ಕು ಸಾಲು. ಊಟ ಚೆನ್ನಾಗಿದೆ, ನಾವೆಲ್ಲ ಖುಷಿಯಾಗಿದ್ದೇವೆ, ಚಿಂತೆ ಬೇಡ ಎಂದು ಬರೆದಿದ್ದಾನೆ.

ಮೂಲ ಬರೆಯುವುದು ಕಷ್ಟ ಆಗಲಿಲ್ಲ: ಯಾರು, ಯಾವಾಗ, ಎಲ್ಲಿಂದ, ಯಾರಿಗೆ. ಉದ್ದೇಶ ತಾಯಿಗೆ ಧೈರ್ಯ ಹೇಳುವುದು. ಜೊತೆಗೆ, ಆಗ ಸೈನಿಕರ ಪತ್ರಗಳನ್ನು ಅವರ ಅಧಿಕಾರಿಗಳೇ ಓದಿ, ಬೇಡವಾದ ಸಾಲು ಅಳಿಸುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಅಲ್ವಾ? ಹಾಗಾಗಿ "ಈ ಪತ್ರವನ್ನು ನಂಬಲು ಆಗುವುದಿಲ್ಲ" ಎಂದು ಬರೆದೆ. ಅದಕ್ಕೆ ಅರ್ಧ ಅಂಕ ಹೋಯಿತು. ಪಕ್ಕದಲ್ಲಿ "ಯಾವುದಕ್ಕೆ ನಂಬಲು ಆಗುವುದಿಲ್ಲ?" ಎಂದು ಕೆಂಪು ಶಾಯಿಯಲ್ಲಿದೆ.

ಆಮೇಲೆ ಯೋಚಿಸಿದೆ. ಕಂದಕದ ಸ್ಥಿತಿ ತಿಳಿಯಲು ಇದು ದುರ್ಬಲ. ಆದರೆ ಸೈನಿಕರು ಮನೆಯವರಿಗೆ ಏನು ಹೇಳಲು ಬಯಸುತ್ತಿದ್ದರು ಎಂದು ತಿಳಿಯಲು ಇದೇ ಒಳ್ಳೆಯ ಸಾಕ್ಷಿ. ಇಷ್ಟು ಸರಿ ಅನಿಸುತ್ತದೆ.

ಗೊಂದಲ ಮಿತಿಯಲ್ಲಿ. ಒಬ್ಬನೇ ಸೈನಿಕ, ಒಂದೇ ದಿನ, ನಾಲ್ಕೇ ಸಾಲು: ಇವು ಮಿತಿ ಎಂದುಕೊಂಡಿದ್ದೇನೆ, ಏಕೆಂದರೆ ಅವನು ಪೂರ್ತಿ ನಿಜ ಹೇಳಿದ್ದರೂ ಇವು ಹಾಗೇ ಉಳಿಯುತ್ತವೆ. ಆದರೆ ಅಧಿಕಾರಿ ಓದುತ್ತಿದ್ದ ವಿಷಯ ಎಲ್ಲಿ ಸೇರುತ್ತದೆ? ಅದು ಅವನ ಮಾತನ್ನೂ ಬದಲಿಸುತ್ತದೆ, ಕೆಲವು ವಿಷಯ ಪತ್ರಕ್ಕೆ ಬರದಂತೆಯೂ ಮಾಡುತ್ತದೆ.

ಇದನ್ನು ನಂಬಿಕೆಯ ಕೆಳಗೆ ಬರೆಯಬೇಕಾ, ಮಿತಿಯ ಕೆಳಗಾ, ಎರಡೂ ಕಡೆ ಬರೆದರೆ ಪುನರಾವರ್ತನೆ ಆಗುತ್ತದಾ? ಗೊತ್ತಿರುವವರು ಇದೇ ಪತ್ರಕ್ಕೆ ಒಂದೆರಡು ವಾಕ್ಯ ಬರೆದು ತೋರಿಸುತ್ತೀರಾ?