ಫ್ಲಾಟ್ ಪ್ಲೇಟ್ ಡ್ರ್ಯಾಗ್ 11 ಗ್ರಾಂ ಬರಬೇಕಿತ್ತು, 36 ಬರ್ತಾ ಇದೆ. ಟ್ರಿಪ್ ವೈರ್ ಹಾಕಲಾ?

ಫೈನಲ್ ಇಯರ್ ಹುಡುಗ:
ಪ್ರಾಜೆಕ್ಟ್‌ಗೆ ಅಲ್ಯೂಮಿನಿಯಂ ಪ್ಲೇಟ್ ಮಾಡಿಸಿದ್ದೇವೆ. 1 ಮೀಟರ್ ಉದ್ದ, 30 ಸೆಂ.ಮೀ. ಅಗಲ, 6 ಮಿ.ಮೀ. ದಪ್ಪ. ಕಾಲೇಜಿನ ವಿಂಡ್ ಟನಲ್‌ನಲ್ಲಿ 15 ಮೀಟರ್ ಪ್ರತಿ ಸೆಕೆಂಡ್. ಹರಿವು ಪೂರ್ತಿ ಲ್ಯಾಮಿನಾರ್, ಅಂದರೆ ಕದಡದೆ ನುಣುಪಾಗಿದೆ ಅಂತ ಹಿಡಿಯುವ ಬ್ಲಾಸಿಯಸ್ ಲೆಕ್ಕದಲ್ಲಿ ಎರಡೂ ಬದಿ ಸೇರಿ 11 ಗ್ರಾಂ ಬರಬೇಕು. ಲೋಡ್ ಸೆಲ್ 36 ತೋರಿಸುತ್ತದೆ. ಲ್ಯಾಮಿನಾರ್ ಬರಲಿ ಅಂತ ಒದ್ದಾಡುವುದಾ, ಹರಿವಿಗೆ ಅಡ್ಡ ಟ್ರಿಪ್ ವೈರ್ ಹಾಕಿ ಕದಡಿ ಪೂರ್ತಿ ಟರ್ಬ್ಯುಲೆಂಟ್ ಮಾಡಿಬಿಡುವುದಾ? ಮಾಡಿದವರು ಅನುಭವ ಹೇಳಿ.

ಸವಿತಾ, ಹುಬ್ಬಳ್ಳಿ:
ನಾನು ಎಂ.ಟೆಕ್.ನಲ್ಲಿ ಟ್ರಿಪ್ ಹಾಕಿದವಳು. ಇವತ್ತಿಗೂ ಅದೇ ಸರಿ ಅನ್ನುತ್ತೇನೆ. ಆದರೆ ಸುಲಭ ಅಂದ್ಕೋಬೇಡಿ.

ನಮ್ಮ ಗೈಡ್ 60 ನಂಬರ್ ಸ್ಯಾಂಡ್‌ಪೇಪರ್ ಪಟ್ಟಿ ಅಂಟಿಸು ಸಾಕು ಅಂದರು. ಮುಂಚೂಣಿಯಿಂದ 5 ಸೆಂ.ಮೀ. ಹಿಂದೆ ಅಂಟಿಸಿದೆ. ಕಾಗದ, ಅಂಟು, ಕಣ ಎಲ್ಲ ಸೇರಿ ಎತ್ತರ ಅರ್ಧ ಮಿಲಿಮೀಟರ್. ಏನೂ ಆಗಲಿಲ್ಲ. 20 ಸೆಂ.ಮೀ.ನಲ್ಲಿ ಗಾಳಿಯ ವೇಗ ಅಳೆಯುವ ಪಿಟೋ ನಳಿಕೆ ಇಟ್ಟು ನೋಡಿದರೆ ವೇಗದ ಪ್ರೊಫೈಲ್ ಇನ್ನೂ ಲ್ಯಾಮಿನಾರ್. ಗೈಡ್ ನನ್ನ ಮ್ಯಾನೋಮೀಟರ್ ಮೇಲೆ ಗೂಬೆ ಕೂರಿಸಿದರು. ಹೊಸ ಇಂಕ್ಲೈನ್ಡ್ ಮ್ಯಾನೋಮೀಟರ್‌ಗೆ ನನ್ನ ಕೈಯಿಂದ ನಾಲ್ಕೂವರೆ ಸಾವಿರ ಹೋಯಿತು. ಡಿಪಾರ್ಟ್‌ಮೆಂಟ್ ಇವತ್ತಿನವರೆಗೂ ಕೊಟ್ಟಿಲ್ಲ.

ಆಮೇಲೆ ಗೊತ್ತಾಯಿತು. ಅಡ್ಡ ಇಟ್ಟ ವೈರ್ ಅಲ್ಲೇ ಹರಿವನ್ನು ಮುರಿಯಬೇಕಾದರೆ `U*k/nu`, ಅಂದರೆ ವೇಗವನ್ನು ವೈರ್ ಎತ್ತರದಿಂದ ಗುಣಿಸಿ ಗಾಳಿಯ ಸ್ನಿಗ್ಧತೆಯಿಂದ ಭಾಗಿಸಿದ್ದು, ಸುಮಾರು 900 ಇರಬೇಕು. 15 ಮೀಟರ್ ವೇಗಕ್ಕೆ ಅರ್ಧ ಮಿ.ಮೀ. ಹಾಕಿದರೆ 470 ಮಾತ್ರ. 1 ಮಿ.ಮೀ. ಬೇಕು. ಗಾಡಿಯ ಕ್ಲಚ್ ಕೇಬಲ್ ಬಿಚ್ಚಿ ಎಳೆ ತೆಗೆದೆ, ಸರಿಹೋಗಲಿಲ್ಲ. ಕೊನೆಗೆ ಪಿಯಾನೋ ವೈರ್ ಹುಡುಕಿ ತಂದೆ, ಅದಕ್ಕೆ ಬಿದ್ದದ್ದು 80 ರೂಪಾಯಿ. ಮ್ಯಾನೋಮೀಟರ್ ದುಡ್ಡು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಗ್ಲೈಡರ್ ಗಿರಿ:
ಟ್ರಿಪ್ ಹಾಕಿ ಗುರು, ಯೋಚನೆ ಮಾಡ್ಬೇಡಿ. ನನ್ನ ಎರಡು ಮೀಟರ್ ಗ್ಲೈಡರ್ ರೆಕ್ಕೆಗೆ ಜಿಗ್‌ಜಾಗ್ ಟೇಪ್ ಹಾಕಿದ ಮೇಲೆ ಡ್ರ್ಯಾಗ್ ಎದ್ದು ಕಾಣುವಷ್ಟು ಇಳಿಯಿತು. ಟೇಪ್ ಹೊರದೇಶದಿಂದ ತರಿಸಿದ್ದು. ಟೇಪ್‌ಗೆ 900 ರೂಪಾಯಿ, ಕೊರಿಯರ್‌ಗೆ 1,400, ಮೇಲೆ ಕಸ್ಟಮ್ಸ್. ಮನೆಯವಳಿಗೆ ಟೇಪ್‌ಗೆ 200 ಅಂತ ಹೇಳಿದ್ದೇನೆ. ನಿಮ್ಮ 36 ಗ್ರಾಂ ಇದರಿಂದ 20ಕ್ಕೆ ಬರುತ್ತದೆ, ಬರೆದು ಇಟ್ಕೊಳ್ಳಿ.

ಮೆಷ್ ಮಾಡುವವ:
ಗಿರಿಯವರೇ, ಪ್ಲೇಟ್ ರೆಕ್ಕೆ ಅಲ್ಲ. ಪ್ಲೇಟ್ ಮೇಲೆ ಟ್ರಿಪ್ ಹಾಕಿದರೆ ಡ್ರ್ಯಾಗ್ ಏರುತ್ತದೆ.

ಕೇಳಿದವರಿಗೆ: ಟ್ರಾನ್ಸಿಷನ್ 5 ಲಕ್ಷ ರೆನಾಲ್ಡ್ಸ್ ನಂಬರ್‌ನಲ್ಲಿ ಆಗುತ್ತದೆ. ಅದು ನಿಮ್ಮ ಪ್ಲೇಟ್‌ನ 53ನೇ ಸೆಂ.ಮೀ. ಅಲ್ಲಿಯವರೆಗೆ ಲ್ಯಾಮಿನಾರ್, ಆಮೇಲೆ ಟರ್ಬ್ಯುಲೆಂಟ್. ಈ ಫಾರ್ಮುಲಾ ಹಾಕಿ:

```
Cd = 0.074/Re^0.2 - 1742/Re
```

ಎರಡೂ ಬದಿ ಸೇರಿ 23 ಗ್ರಾಂ ಬರುತ್ತದೆ. ಬಾಕಿ 13 ಗ್ರಾಂ ನಿಮ್ಮ ಲೋಡ್ ಸೆಲ್‌ನ ಸುಳ್ಳು. ನಾನು ಟನಲ್ ಸಹವಾಸವೇ ಬೇಡ ಅಂತ ಕಂಪ್ಯೂಟರ್‌ನಲ್ಲೇ ಹರಿವಿನ ಲೆಕ್ಕ ಹಾಕುವ ಸಿಎಫ್‌ಡಿ ಮಾಡಿದೆ. ವರ್ಕ್‌ಸ್ಟೇಷನ್‌ಗೆ 1 ಲಕ್ಷದ 60 ಸಾವಿರ. ರ‍್ಯಾಮ್ ಸಾಲದೆ ಮತ್ತೆ 22 ಸಾವಿರ. ಒಂದು ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಸಮೇತ ಸುಟ್ಟಿತು. ಆದರೂ ಯಾರ ಮುಂದೆಯೂ ಮ್ಯಾನೋಮೀಟರ್‌ಗೆ ಕೈಚಾಚಲಿಲ್ಲ.

ಸವಿತಾ, ಹುಬ್ಬಳ್ಳಿ:
ನಾನು ಯಾರ ಮುಂದೆಯೂ ಕೈಚಾಚಿಲ್ಲ. ಸ್ವಂತ ದುಡ್ಡು ಹಾಕಿದೆ ಅಂತ ಬರೆದಿದ್ದೇನೆ, ಓದಿ.

ಹಳೇ ಲ್ಯಾಬ್ ಮನುಷ್ಯ:
ತಮ್ಮಾ, ವೈರ್ ಆಮೇಲೆ. ಮೊದಲು ಟ್ರಾನ್ಸಿಷನ್ ಎಲ್ಲಿ ಆಗುತ್ತಿದೆ ಅಂತ ಹುಡುಕು.

ಆ 5 ಲಕ್ಷ ದೇವರು ಕೊಟ್ಟ ಸಂಖ್ಯೆ ಅಲ್ಲ. ಟನಲ್ ಗಾಳಿ ಎಷ್ಟು ಶಾಂತ ಅನ್ನೋದರ ಮೇಲೆ ಅದು ನಿಂತಿದೆ. ಶೂಬೌವರ್ ಮತ್ತು ಸ್ಕ್ರಾಮ್‌ಸ್ಟಾಡ್ ಅಮೆರಿಕದಲ್ಲಿ ಗಾಳಿಯ ಏರಿಳಿತವನ್ನು 0.1 ಪರ್ಸೆಂಟ್‌ಗಿಂತ ಕೆಳಗೆ ಇಳಿಸಿದಾಗ ಲ್ಯಾಮಿನಾರ್ 28 ಲಕ್ಷದವರೆಗೂ ಉಳಿಯಿತು. ನಮ್ಮ ಕಾಲೇಜು ಟನಲ್‌ಗಳಲ್ಲಿ ಏರಿಳಿತ ಅರ್ಧ ಪರ್ಸೆಂಟ್, ಕೆಲವು ಕಡೆ ಒಂದು. ಜೇನುಗೂಡಿನಲ್ಲಿ ಧೂಳು, ಸ್ಕ್ರೀನ್‌ನಲ್ಲಿ ತೂತು. ಅಂಥ ಕಡೆ 2 ಲಕ್ಷಕ್ಕೇ ಕಥೆ ಮುಗಿಯಬಹುದು. ಅಂದರೆ ನಿನ್ನ ಪ್ಲೇಟ್‌ನ 21ನೇ ಸೆಂ.ಮೀ.

ಮೆಷ್‌ನವರು ಕೊಟ್ಟ 1742 ಕೂಡ 5 ಲಕ್ಷಕ್ಕೆ ಮಾತ್ರ ಹೊಂದುವ ಸಂಖ್ಯೆ. 2 ಲಕ್ಷ ಅಂತ ಹಿಡಿದರೆ ಆ ಜಾಗದಲ್ಲಿ ಸುಮಾರು 700 ಬರುತ್ತದೆ. ಆಗ ಎರಡು ಬದಿಗೆ 32 ಗ್ರಾಂ. ಉಳಿದ 4 ಗ್ರಾಂ ಪ್ಲೇಟ್‌ನ ಹಿಂಬದಿ. 6 ಮಿ.ಮೀ. ದಪ್ಪವನ್ನು ಹಿಂದೆ ಹಾಗೇ ಕತ್ತರಿಸಿ ಬಿಟ್ಟಿದ್ದರೆ ಅಲ್ಲಿ ಒತ್ತಡ ಇಳಿದು ಪ್ಲೇಟನ್ನು ಹಿಂದಕ್ಕೆ ಎಳೆಯುತ್ತದೆ. ಅದು ಮೇಲ್ಮೈ ಘರ್ಷಣೆ ಅಲ್ಲ, ಆದರೆ ಲೋಡ್ ಸೆಲ್‌ಗೆ ಆ ಭೇದ ಎಲ್ಲಿ ಗೊತ್ತು? ಲೋಡ್ ಸೆಲ್ ಪಾಪ, ಸುಳ್ಳು ಹೇಳುತ್ತಿಲ್ಲ.

ಟ್ರಾನ್ಸಿಷನ್ ಹುಡುಕಲು ದುಡ್ಡು ಬೇಡ. ಪಿಟೋದ ಟ್ಯೂಬನ್ನು ಡಾಕ್ಟರ ಸ್ಟೆತಸ್ಕೋಪ್‌ಗೆ ಸಿಕ್ಕಿಸು. ಪಿಟೋ ಬಾಯಿಯನ್ನು ಪ್ಲೇಟ್‌ಗೆ ತಾಗಿಸಿ ಮುಂದಿನಿಂದ ಹಿಂದಕ್ಕೆ ಸರಿಸುತ್ತಾ ಹೋಗು. ಲ್ಯಾಮಿನಾರ್ ಇರುವಲ್ಲಿ ಮೆತ್ತಗೆ ಸುಯ್ ಅನ್ನುತ್ತದೆ. ಆಮೇಲೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಅಲ್ಲೊಂದು ಇಲ್ಲೊಂದು ಚಟಪಟ. ಮುಂದೆ ಹೋದಂತೆ ಬರೀ ಗರಗರ. ಆ ಚಟಪಟ ಹತ್ತಾರು ಸೆಂ.ಮೀ. ಉದ್ದಕ್ಕೂ ಕೇಳಬಹುದು. ಟ್ರಾನ್ಸಿಷನ್ ಒಂದು ಗೆರೆ ಅಲ್ಲ. ಟರ್ಬ್ಯುಲೆಂಟ್ ಚುಕ್ಕೆಗಳು ಹುಟ್ಟಿ, ಹರಡಿ, ಒಂದಕ್ಕೊಂದು ಸೇರುವ ಜಾಗ. ಆ ಜಾಗದಲ್ಲಿ ಎಷ್ಟು ಹೊತ್ತು ಟರ್ಬ್ಯುಲೆಂಟ್ ಇರುತ್ತದೆ ಅನ್ನುವ ಲೆಕ್ಕ ಕೊಟ್ಟವರು ನಮ್ಮ ಬೆಂಗಳೂರಿನ ರೊದ್ದಂ ನರಸಿಂಹ, 1957ರಲ್ಲಿ. ಮರುವರ್ಷ ಸತೀಶ್ ಧವನ್ ಜತೆ ಸೇರಿ ಬರೆದ ಪೇಪರ್ ಇವತ್ತಿಗೂ ನಡೆಯುತ್ತದೆ. ಸಿಎಫ್‌ಡಿಯವರು ಅದನ್ನು ಒಮ್ಮೆ ಓದಲಿ.

ಮೆಷ್ ಮಾಡುವವ:
ಓದಿದ್ದೇನೆ ಸರ್. ನಾವೇನು ಸಾಫ್ಟ್‌ವೇರ್ ಬಟನ್ ಒತ್ತಿಕೊಂಡು ಕೂತವರಲ್ಲ. ಆದರೆ ನಿಮ್ಮ ಲೆಕ್ಕವೂ ಹೊಂದಿಸಿದ್ದೇ ಅಲ್ವಾ? 36 ಬರಬೇಕು ಅಂತ 2 ಲಕ್ಷ ಹಿಡಿದಿರಿ, ಕಡಿಮೆ ಬಿದ್ದ 4 ಗ್ರಾಂ ಹಿಂಬದಿಗೆ ಹಾಕಿದಿರಿ. ಆ ಹಿಂಬದಿ ಒತ್ತಡ ಅಳೆದವರು ಯಾರು? ಮುಂಚೂಣಿಯಿಂದಲೇ ಪೂರ್ತಿ ಟರ್ಬ್ಯುಲೆಂಟ್ ಅಂತ ಹಿಡಿದರೆ 38 ಬರುತ್ತದೆ. ಅದೂ 36ಕ್ಕೆ ಹತ್ತಿರವೇ. ಪ್ಲೇಟ್‌ನ ಮುಂದಿನ ಅಂಚು ಚೌಕವಾಗಿದ್ದರೆ ಹರಿವು ಅಲ್ಲೇ ಕಿತ್ತುಕೊಂಡು ಹಾಗೇ ಆಗುತ್ತದೆ.

ಗ್ಲೈಡರ್ ಗಿರಿ:
ಕಿತ್ತುಕೊಳ್ಳುತ್ತದೆ ಅಂತ ನೀವೇ ಹೇಳಿದಿರಿ. ನಾನು ಹೇಳಿದ್ದೂ ಅದೇ. ಟೇಪ್ ಹಾಕಿದರೆ ಕಿತ್ತುಕೊಳ್ಳಲ್ಲ.

ಹಳೇ ಲ್ಯಾಬ್ ಮನುಷ್ಯ:
ಗಿರಿ, ನಿಮ್ಮ ರೆಕ್ಕೆಯ ಬೆನ್ನ ಮೇಲೆ ಒತ್ತಡ ಹಿಂದಕ್ಕೆ ಹೋದಂತೆ ಏರುತ್ತದೆ. ಅಲ್ಲಿ ಮೈಗೆ ಅಂಟಿ ಹರಿಯುವ ಲ್ಯಾಮಿನಾರ್ ಪದರ ಕಿತ್ತು ಗುಳ್ಳೆ ಕಟ್ಟುತ್ತದೆ. ಟೇಪ್ ಆ ಗುಳ್ಳೆ ಒಡೆಯುತ್ತದೆ, ಅದಕ್ಕೇ ಲಾಭ. ಘರ್ಷಣೆ ಅಲ್ಲೂ ಏರಿತು, ಗುಳ್ಳೆಯ ನಷ್ಟ ಅದಕ್ಕಿಂತ ದೊಡ್ಡದಿತ್ತು ಅಷ್ಟೇ. ಪ್ಲೇಟ್ ಮೇಲೆ ಒತ್ತಡ ಸಮ. ಇಲ್ಲಿ ಒಡೆಯಲು ಗುಳ್ಳೆಯೇ ಇಲ್ಲ. ಮುಂದಿನ ಅಂಚು ಕೆಟ್ಟದಾಗಿದ್ದರೆ ಮಾತ್ರ ಬೇರೆ ಮಾತು, ಅದಕ್ಕೂ ಮದ್ದು ಟೇಪ್ ಅಲ್ಲ, ಅರ. ಎಲಿಪ್ಸ್ ಆಕಾರಕ್ಕೆ ಉಜ್ಜಬೇಕು.

ಮೆಷ್‌ನವರ ಆಕ್ಷೇಪಣೆ ಸರಿಯೇ. 36 ಅನ್ನೋ ಒಂದೇ ಸಂಖ್ಯೆಯಿಂದ ಎರಡು ಕಥೆ ಹೊರಡುತ್ತವೆ. ಅದಕ್ಕೇ ಲೋಡ್ ಸೆಲ್ ಬದಿಗಿಟ್ಟು ಪ್ರೊಫೈಲ್ ತೆಗೆ ಅನ್ನೋದು. ಪ್ಲೇಟ್ ತುದಿಯಲ್ಲಿ ಮೊಮೆಂಟಮ್ ಥಿಕ್‌ನೆಸ್ ಅಳೆದರೆ ಒಂದು ಬದಿಯ ಘರ್ಷಣೆ ನೇರವಾಗಿ ಸಿಗುತ್ತದೆ, ಹಿಂಬದಿ ಎಳೆತ ಅದರಲ್ಲಿ ಬರುವುದೇ ಇಲ್ಲ. ನನ್ನ ಕಥೆ ನಿಜವಾದರೆ 2.0 ಮಿ.ಮೀ., ಅವರದ್ದು ನಿಜವಾದರೆ 2.4. ಮುಂದೆ 10 ಸೆಂ.ಮೀ.ನಲ್ಲಿ ಪ್ರೊಫೈಲ್‌ನ ಆಕಾರ ಹೇಳುವ ಶೇಪ್ ಫ್ಯಾಕ್ಟರ್ ನೋಡು. ಲ್ಯಾಮಿನಾರ್ ಆದರೆ 2.6 ಹತ್ತಿರ, ಟರ್ಬ್ಯುಲೆಂಟ್ ಆದರೆ 1.4.

ಸವಿತಾ, ಹುಬ್ಬಳ್ಳಿ:
ಟ್ರಿಪ್ ಹಾಕಿದರೂ ಈ ಅಳತೆ ಮಾಡಲೇಬೇಕು. ವೈರ್ ತನ್ನದೇ ಡ್ರ್ಯಾಗ್ ಸೇರಿಸುತ್ತದೆ. ಪದರ ಮುಂಚೂಣಿಯಿಂದ ಶುರುವಾದ ಹಾಗೆ ಬೆಳೆಯುವುದಿಲ್ಲ. ಫಾರ್ಮುಲಾಗೆ ಹಾಕುವ x ಎಲ್ಲಿಂದ ಅಂತ ಹಿಂದೆ ಲೆಕ್ಕ ಹಾಕಬೇಕು. ವೈವಾದಲ್ಲಿ ನನಗೆ ಕೇಳಿದ್ದು ಇದೊಂದೇ ಪ್ರಶ್ನೆ.

ಮತ್ತೊಂದು. ಅವರ ಪ್ಲೇಟ್ ತೂಕ ಹೆಚ್ಚುಕಡಿಮೆ 5 ಕೆ.ಜಿ. ಫ್ಯಾನ್ ಹಾಕಿದಾಗ ಟನಲ್ ಕಾಲು ಕುಸಿದು ಪ್ಲೇಟ್ 0.1 ಡಿಗ್ರಿ ವಾಲಿದರೂ ಲೋಡ್ ಸೆಲ್ ಮೇಲೆ 8 ಗ್ರಾಂ ಬೀಳುತ್ತದೆ. ನಾಲ್ಕು ಗ್ರಾಂಗೆ ಜಗಳ ಆಡುವವರು ಇದನ್ನು ಯಾಕೆ ಹೇಳಲಿಲ್ಲ?

ಹಳೇ ಲ್ಯಾಬ್ ಮನುಷ್ಯ:
ನಾನು ಜಗಳ ಆಡುತ್ತಿಲ್ಲ ಮೇಡಂ.

ಫೈನಲ್ ಇಯರ್ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ಅಂಚು ಅರ್ಧಗೋಲ, ಹಿಂದಿನದು ಚೌಕ. ಇಂಜೆಕ್ಷನ್ ಸೂಜಿಯಿಂದ ಪಿಟೋ ಮಾಡಿಕೊಂಡೆವು, 21 ನಂಬರ್, ಮೆಡಿಕಲ್ ಶಾಪಿನಲ್ಲಿ 5 ರೂಪಾಯಿ. 10 ಸೆಂ.ಮೀ.ನಲ್ಲಿ ಶೇಪ್ ಫ್ಯಾಕ್ಟರ್ 2.1 ಬಂತು, 40ರಲ್ಲಿ 1.45. ತುದಿಯದ್ದು ಇನ್ನೂ ತೆಗೆದಿಲ್ಲ.

ಹಳೇ ಲ್ಯಾಬ್ ಮನುಷ್ಯ:
ನೋಡಿ. ಮುಂದೆ ಲ್ಯಾಮಿನಾರ್ ಇದೆ, ಮಧ್ಯದಲ್ಲಿ ಹೋಗಿದೆ.

ಮೆಷ್ ಮಾಡುವವ:
ಇಷ್ಟು ಬೇಗ ಗೆದ್ದೆ ಅನ್ನಬೇಡಿ ಸರ್. 21 ನಂಬರ್ ಸೂಜಿಯ ಹೊರವ್ಯಾಸ 0.8 ಮಿ.ಮೀ. 10 ಸೆಂ.ಮೀ.ನಲ್ಲಿ ಲ್ಯಾಮಿನಾರ್ ಪದರದ ಒಟ್ಟು ದಪ್ಪವೇ 1.6. ಅರ್ಧ ಪದರ ಸೂಜಿ ಬಾಯಿಗೇ ಹೋಯಿತು. ಆ 2.1 ಅನ್ನು ನಾನು ನಂಬಲ್ಲ. ಅರ್ಧಗೋಲ ಮೂತಿ ಹಿಂದೆ ಸಣ್ಣ ಗುಳ್ಳೆ ಇದ್ದರೂ ಇಂಥದ್ದೇ ನಡುವಿನ ಸಂಖ್ಯೆ ಬರಬಹುದು.

ಹಳೇ ಲ್ಯಾಬ್ ಮನುಷ್ಯ:
ಸೂಜಿ ಬಾಯಿ ಚಪ್ಪಟೆ ಮಾಡಿ ಉಜ್ಜಲಿ. ಒಟ್ಟು ಎತ್ತರ 0.3 ಮಿ.ಮೀ.ಗೆ ಇಳಿಯುತ್ತದೆ. ಒಳಗೆ ತೆಳ್ಳನೆ ಬ್ಲೇಡ್ ಚೂರು ಇಟ್ಟು ವೈಸ್‌ನಲ್ಲಿ ನಿಧಾನ ಒತ್ತಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಹೋಗುತ್ತದೆ. ಸಣ್ಣ ಬಾಯಿಗೆ ಮ್ಯಾನೋಮೀಟರ್ ನೆಲೆಗೊಳ್ಳಲು ಹೊತ್ತು ಜಾಸ್ತಿ ಹಿಡಿಯುತ್ತದೆ, ಅವಸರದಲ್ಲಿ ಓದಬೇಡ.

ಗ್ಲೈಡರ್ ಗಿರಿ:
ಹಿಂದಿನ ಅಂಚು ಚೌಕ ಅಂತೆ. ಅಲ್ಲಿಗೆ ನನ್ನ ಹತ್ತಿರ ಉಳಿದ ಟೇಪ್ ಕೊಡಬಹುದಿತ್ತು.

ಸವಿತಾ, ಹುಬ್ಬಳ್ಳಿ:
ಗಿರಿಯವರೇ, ಹಿಂದಿನ ಅಂಚಿಗೆ ಟೇಪ್ ಹಾಕಿ ಏನು ಮಾಡ್ತೀರಿ? ತಮ್ಮಾ, ಸೂಜಿ ಬದಲಿಸಿ 5, 10, 15, 20ರಲ್ಲಿ ತೆಗೆದು ಹಾಕು. ಬಾಡಿಗೆ ಮ್ಯಾನೋಮೀಟರ್ ಬೇಕಿದ್ದರೆ ನನ್ನದು ಸುಮ್ನೆ ಬಿದ್ದಿದೆ. ದಿನಕ್ಕೆ 100 ರೂಪಾಯಿ.