ಪುಸ್ತಕದ ಕಪಾಟಿಗೆ ಪಾಕೆಟ್ ಹೋಲ್ ಜೋಡಣೆ: ಯಾವ ಸ್ಕ್ರೂ, ಯಾವ ಕ್ಲಾಂಪ್ ಮೊದಲು?

ಹೊಸಗರಗಸ:
18 ಮಿ.ಮೀ. ಪ್ಲೈವುಡ್‌ನಲ್ಲಿ ಪುಸ್ತಕದ ಕಪಾಟು ಮಾಡ್ತಿದ್ದೇನೆ. ಎತ್ತರ 1800, ಅಗಲ 800, ಆಳ 280. ಎರಡು ಪಕ್ಕದ ಹಲಗೆ, ಮಧ್ಯೆ ಐದು ಅಡ್ಡ ಹಲಗೆ. ಕೆಳಗಿನದು ನೆಲದಿಂದ 70 ಮಿ.ಮೀ. ಮೇಲಿರುತ್ತೆ. ಚೂರು ಹಲಗೆ ಮೇಲೆ ಜಿಗ್ ಇಟ್ಟು ಓರೆ ತೂತು ಕೊರೆದು ಪಾಕೆಟ್ ಹೋಲ್ ಪ್ರಯೋಗ ಮಾಡಿದಾಗ ಸ್ಕ್ರೂ ಬಿಗಿ ಆಗ್ತಿದ್ದ ಹಾಗೆ ಹಲಗೆ ಗೆರೆ ಬಿಟ್ಟು ಒಂದೂವರೆ ಮಿ.ಮೀ. ಸರೀತು. ಒಂದು ಕಡೆ ಸ್ಕ್ರೂ ಮೊನೆ ಆಚೆಗೂ ಬಂತು. ಯಾವ ಸ್ಕ್ರೂ ತರಲಿ, ಕ್ಲಾಂಪ್ ಯಾವ ಕ್ರಮದಲ್ಲಿ ಹಾಕಲಿ? ಮಾಡಿದವರು ಹೇಳಿ.

ಮೂಲೆಮಟ್ಟ:
ಮೊದಲು ಸ್ಕ್ರೂ ವಿಷಯ ಮುಗಿಸೋಣ. ಈ ದಪ್ಪಕ್ಕೆ 32 ಮಿ.ಮೀ. (ಒಂದೂಕಾಲು ಇಂಚು) ಉದ್ದದ, ದೊಡ್ಡ ಮರೆಯ ಪಾಕೆಟ್ ಹೋಲ್ ಸ್ಕ್ರೂ ತಗೊಳ್ಳಿ. ಮರೆ ಅಂದರೆ ಸ್ಕ್ರೂ ಮೈಮೇಲಿನ ಸುರುಳಿ ಏಣು. ತಲೆಯ ಅಡಿಭಾಗ ವಾಷರ್ ಥರ ಚಪ್ಪಟೆ ಇರಬೇಕು. ಪಾಕೆಟ್ ಒಳಗೆ ಬಿಟ್ ಕೊರೆದು ಬಿಡೋದು ಚಪ್ಪಟೆ ಮೆಟ್ಟಿಲು. ಅದರ ಮೇಲೆ ತಲೆ ಸಮವಾಗಿ ಕೂತರೇ ಹಲಗೆಯನ್ನು ಎಳೆದು ಹಿಡಿಯುತ್ತೆ. ಜಿಪ್ಸಂ ಬೋರ್ಡಿಗೆ ಹೊಡೆಯೋ ಕಪ್ಪು ಸ್ಕ್ರೂ ಇದೆಯಲ್ಲ, ಅದರ ತಲೆ ಅಡಿಯಲ್ಲಿ ಕಹಳೆ ಬಾಯಿ ಥರ ಇಳಿಜಾರು. ಮೆಟ್ಟಿಲಿನ ಮೇಲೆ ಅದು ಬೆಣೆ ಹೊಡೆದ ಹಾಗೆ ಕೆಲಸ ಮಾಡಿ ಪ್ಲೈ ಪದರ ಬಿಡಿಸುತ್ತೆ. ಜೊತೆಗೆ ಅದು ಪೆಡಸು, ಬಿಗಿ ಮಾಡುವಾಗ ತಲೆಯೇ ಕಿತ್ತುಕೊಂಡು ಬರುತ್ತೆ.

ಐದು ಹಲಗೆ, ಎರಡೆರಡು ತುದಿ, ತುದಿಗೆ ಮೂರು ತೂತು, ಒಟ್ಟು 30 ಸ್ಕ್ರೂ. ಪ್ರಯೋಗಕ್ಕೆ, ಹಾಳಾಗೋದಕ್ಕೆ ಸೇರಿಸಿ 40 ಇಟ್ಟುಕೊಳ್ಳಿ. ಮುಂದಿನ ಅಂಚಿಂದ 45, 140, 235 ಮಿ.ಮೀ.ಗೆ ತೂತು ಬರಲಿ. ತೂತು ಯಾವಾಗಲೂ ಅಡ್ಡ ಹಲಗೆಯಲ್ಲೇ ಇರಬೇಕು, ಆಗ ಸ್ಕ್ರೂ ಪಕ್ಕದ ಹಲಗೆಯ ಮೈಗೆ ಕಚ್ಚುತ್ತೆ. ತಿರುಗಾಮುರುಗಾ ಮಾಡಿದರೆ ಮರೆ ಪ್ಲೈನ ಅಂಚಿನ ಪದರಗಳ ಮಧ್ಯೆ ಹೋಗುತ್ತೆ, ಹಿಡಿತ ಕಮ್ಮಿ.

ಮೊನೆ ಆಚೆ ಬಂದಿದ್ದಕ್ಕೆ ಸ್ಕ್ರೂ ಉದ್ದ ಒಂದೇ ಕಾರಣ ಆಗಿರಲಿಕ್ಕಿಲ್ಲ. 18 ಅಂತ ಬರೆದ ಪ್ಲೈ ಎಷ್ಟೋ ಸಲ 17ರ ಹತ್ತಿರ ಇರುತ್ತೆ, ಕ್ಯಾಲಿಪರ್ ಹಿಡಿದು ನೋಡಿ. ಬಿಟ್ ಮೇಲಿನ ಕಾಲರ್ 19ಕ್ಕೆ ಕೂತಿದ್ದರೆ ತೂತು ಆಳ ಆಗಿ ತಲೆ ಇನ್ನೂ ಮುಂದೆ ಹೋಗಿ ಕೂರುತ್ತೆ. ಕಾಲರ್ ತಿರುಪು ಸಡಿಲ ಆಗಿ ಜಾರಿದ್ದರೂ ಇದೇ ಗತಿ. ಒಂದು ಚೂರು ಹಲಗೆಯಲ್ಲಿ ತೂತು ಕೊರೆದು, ಪಕ್ಕಕ್ಕೆ ಏನೂ ಇಡದೆ ಸ್ಕ್ರೂ ಪೂರ್ತಿ ಓಡಿಸಿ. ತುದಿಯಿಂದ ಎಷ್ಟು ಹೊರಗೆ ಬಂತು ಅಂತ ಅಳೆಯಿರಿ. ಆ ಉದ್ದ ಪಕ್ಕದ ಹಲಗೆಯ ದಪ್ಪಕ್ಕಿಂತ ಕನಿಷ್ಠ 3 ಮಿ.ಮೀ. ಕಮ್ಮಿ ಇರಬೇಕು. ಇಲ್ಲದಿದ್ದರೆ ಕಾಲರ್‌ನ ಬಿಟ್ ಮೊನೆಯ ಕಡೆಗೆ ಒಂದೂವರೆ ಎರಡು ಮಿ.ಮೀ. ಸರಿಸಿ ಮತ್ತೆ ಪ್ರಯೋಗ ಮಾಡಿ. ಸರಿಯಾದ ಮೇಲೆ ಕಾಲರ್ ಪಕ್ಕ ಬಿಟ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಬಿಡಿ. ಜಾರಿದರೆ ಕಣ್ಣಿಗೆ ಬೀಳುತ್ತೆ.

ಉಳಿಪೆಟ್ಟು:
32 ಸಾಲಲ್ಲ ಸರ್, ಪುಸ್ತಕದ ಭಾರ ಅಂದರೆ ಸಾಮಾನ್ಯ ಅಲ್ಲ. 38 ಹಾಕಿ, ಸಣ್ಣ ಮರೆಯದು. ಮರೆ ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು. ಗೋಂದು ಮಾತ್ರ ಧಾರಾಳ ಹಚ್ಚಿ. ಸ್ಕ್ರೂ ಇರೋದು ಗೋಂದು ಒಣಗೋ ತನಕ ಹಿಡಿಯೋದಕ್ಕೆ ಅಷ್ಟೇ.

ಮೂಲೆಮಟ್ಟ:
ಉಳಿಪೆಟ್ಟು ಅವರೇ, ಸಣ್ಣ ಮರೆ ತೇಗದಂಥ ಗಟ್ಟಿ ಮರಕ್ಕೆ ಸರಿ, ಅಲ್ಲಿ ದೊಡ್ಡ ಮರೆ ಮರ ಸೀಳಬಹುದು. ಪ್ಲೈ, ಎಂ.ಡಿ.ಎಫ್., ಮೆದು ಮರದಲ್ಲಿ ಸಣ್ಣ ಮರೆ ನಾರನ್ನು ಪುಡಿ ಮಾಡಿ ಅಲ್ಲೇ ಸುತ್ತುತ್ತೆ. ಅಗಲ ಮರೆಗಳ ಮಧ್ಯೆ ಮರ ಉಳಿಯುತ್ತೆ, ಆ ಉಳಿದ ಮರವೇ ಹಿಡಿತ. 38 ಹಾಕಿದರೆ ಇವರಿಗೆ ಈಗ ಒಂದು ಕಡೆ ಬಂದ ಮೊನೆ ಮೂವತ್ತು ಕಡೆ ಬರುತ್ತೆ.

ಗೋಂದು ಬೇಡ ಅನ್ನೋದಿಲ್ಲ, ಹಚ್ಚಲಿ. ಆದರೆ ತೆಳ್ಳಗೆ. ಒದ್ದೆ ಗೋಂದಿನ ಮೇಲೆ ಹಲಗೆ ಇನ್ನೂ ಸಲೀಸಾಗಿ ಜಾರುತ್ತೆ, ಇವರ ಕಷ್ಟವೇ ಜಾರೋದು. ಪಕ್ಕದ ಹಲಗೆಗೆ ಮೊದಲೇ ಲ್ಯಾಮಿನೇಟ್ ಅಂಟಿಸಿದ್ದರೆ ಮರದ ಗೋಂದು ಹಿಡಿಯೋದೇ ಇಲ್ಲ, ಆಗ ಎಲ್ಲ ಭಾರ ಸ್ಕ್ರೂ ಮೇಲೆಯೇ.

ಈಗ ಜಾರೋ ವಿಷಯ. ಸ್ಕ್ರೂ ಹೋಗೋದು ಸುಮಾರು 15 ಡಿಗ್ರಿ ಓರೆಯಾಗಿ. ತಲೆ ಮೆಟ್ಟಿಲಿಗೆ ಒತ್ತಿದಾಗ ಅಡ್ಡ ಹಲಗೆಯನ್ನು ಪಕ್ಕದ ಹಲಗೆ ಕಡೆಗೂ ತಳ್ಳುತ್ತೆ, ಜೊತೆಗೆ ತೂತಿಲ್ಲದ ಮೈಯ ಕಡೆಗೂ ತಳ್ಳುತ್ತೆ. ತೂತು ಕೆಳಮೈಯಲ್ಲಿದ್ದರೆ ಹಲಗೆ ಮೇಲಕ್ಕೆ ಸರಿಯುತ್ತೆ. ಕ್ಲಾಂಪ್ ಎಷ್ಟು ಬಿಗಿದರೂ ಸ್ವಲ್ಪ ಸರಿಯಬಹುದು. ಎದುರಿಗೆ ತಡೆ ಇದ್ದರೆ ಸರಿಯೋದಕ್ಕೆ ಜಾಗವೇ ಇಲ್ಲ. ಹಾಗಾಗಿ ತೂತಿಲ್ಲದ ಮೈಗೆ ತಾಗಿಸಿ ತಡೆ ಕೊಡಿ.

ನಿಮ್ಮ ಅಳತೆಯಲ್ಲೇ ನೋಡೋಣ. 1800ರಲ್ಲಿ ಅಡಿಯ 70 ಕಳೆದು, ಐದು ಹಲಗೆಯ ದಪ್ಪ 90 ಕಳೆದರೆ 1640. ನಾಲ್ಕು ಖಾನೆ, ಒಂದೊಂದು 410. ಚೂರು ಪ್ಲೈನಲ್ಲಿ 410 ಉದ್ದದ ಎರಡು ಅಳತೆಪಟ್ಟಿ ಒಟ್ಟಿಗೇ ಕತ್ತರಿಸಿ, ಎಡಕ್ಕೊಂದು ಬಲಕ್ಕೊಂದು. ಪ್ಲೈ 17.5 ಬಂದರೆ ಲೆಕ್ಕ ಹಾಗೇ ಬದಲಿಸಿ. ಅತಿ ಮೇಲಿನ ಹಲಗೆಗೆ ತೂತು ಅದರ ನೆತ್ತಿಯ ಮೇಲೆ, ಅಲ್ಲಿ ಯಾರ ಕಣ್ಣೂ ಹೋಗಲ್ಲ. ಮಿಕ್ಕ ನಾಲ್ಕಕ್ಕೆ ಕೆಳಮೈಯಲ್ಲಿ.

ಇಡೀ ಕಪಾಟನ್ನು ಮುಂದಿನ ಅಂಚು ಕೆಳಗೆ ಮಾಡಿ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ಮುಂಭಾಗ ಎಲ್ಲ ಒಂದೇ ಮಟ್ಟಕ್ಕೆ ತಾನಾಗೇ ಬರುತ್ತೆ, ಏರುಪೇರು ಇದ್ದರೆ ಹಿಂದಕ್ಕೆ ಹೋಗುತ್ತೆ. ಅತಿ ಮೇಲಿನ ಮತ್ತು ಅತಿ ಕೆಳಗಿನ ಹಲಗೆಯ ಹತ್ತಿರ ಒಂದೊಂದು ಉದ್ದ ಬಾರ್ ಕ್ಲಾಂಪ್ ಹಾಕಿ, ಹಲಗೆ ಬೀಳದಷ್ಟು ಮಾತ್ರ ಬಿಗಿ. ಆಗ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಕರ್ಣವೂ 1970ರ ಹತ್ತಿರ ಬರಬೇಕು. ಅಂಕಿಗಿಂತ ಮುಖ್ಯ ಎರಡೂ ಸಮ ಇರೋದು. ಉದ್ದ ಇರೋ ಕರ್ಣದ ಮೂಲೆಯನ್ನು ಅಂಗೈಯಿಂದ ಒಳಕ್ಕೆ ತಳ್ಳಿ ಸರಿಮಾಡಿ, ಆಮೇಲೆ ಬಿಗಿ ಮಾಡಿ.

ಅತಿ ಮೇಲಿನ ಹಲಗೆ ಮೊದಲು. ಅದಕ್ಕೆ ತೂತು ನೆತ್ತಿಯಲ್ಲಿ, ಅದು ಕೆಳಕ್ಕೆ ಸರಿಯೋದಕ್ಕೆ ನೋಡುತ್ತೆ. ಅದರ ಅಡಿಗೆರೆಗೆ ಒಂದು ನೇರ ರೀಪನ್ನು ಪಕ್ಕದ ಹಲಗೆಗೆ ಕ್ಲಾಂಪ್ ಮಾಡಿ ತಡೆ ಕೊಡಿ. ಅದು ಕೂತ ಮೇಲೆ 410ರ ಪಟ್ಟಿಗಳನ್ನು ಅದರ ಕೆಳಮೈಗೆ ಆನಿಸಿ, ಎರಡನೇ ಹಲಗೆಯನ್ನು ಪಟ್ಟಿಗೆ ಒತ್ತಿ ಹಿಡಿಯಿರಿ. ಅದು ಸರಿಯಬೇಕಾದ್ದು ಮೇಲಕ್ಕೆ, ಅಲ್ಲಿ ಪಟ್ಟಿ ಕೂತಿದೆ. ಹೀಗೆ ಮೇಲಿಂದ ಕೆಳಕ್ಕೆ ಬನ್ನಿ. ಕೆಳಗಿಂದ ಮೇಲಕ್ಕೆ ಹೋದರೆ ಪಟ್ಟಿ ತೂತಿರೋ ಕಡೆ ಬರುತ್ತೆ, ಸ್ಕ್ರೂ ಓಡಿಸಿದಾಗ ಹಲಗೆ ಪಟ್ಟಿ ಬಿಟ್ಟು ಎದ್ದು ಹೋಗುತ್ತೆ. ಪ್ರಯೋಗದಲ್ಲಿ ನಿಮಗೆ ಆಗಿದ್ದೂ ಇದೇ ಇರಬೇಕು.

ಒಂದೊಂದು ತುದಿಯಲ್ಲೂ: ಬಾರ್ ಕ್ಲಾಂಪ್ ಆ ಹಲಗೆಯ ಹತ್ತಿರಕ್ಕೆ ತನ್ನಿ, ಸಂದು ಮುಚ್ಚೋ ತನಕ ಬಿಗಿ ಮಾಡಿ. ಇದನ್ನು ಬಿಟ್ಟರೆ ಸ್ಕ್ರೂ ಮೊನೆ ಪಕ್ಕದ ಹಲಗೆಗೆ ಕಚ್ಚೋ ಮುಂಚೆ ಅದನ್ನು ಆಚೆಗೆ ತಳ್ಳುತ್ತೆ, ಆ ಸಂದು ಆಮೇಲೆ ಎಷ್ಟು ತಿರುಗಿಸಿದರೂ ಮುಚ್ಚಲ್ಲ. ಪಾಕೆಟ್‌ಗೆ ಕಡ್ಡಿ ತೂರಿಸೋ ಲಂಬಕೋನ ಕ್ಲಾಂಪ್ ಇದ್ದರೆ ಅದನ್ನು ನಡುವಿನ ತೂತಿಗೆ ಹಾಕಿ. ಮುಂದಿನ ಸ್ಕ್ರೂ, ಆಮೇಲೆ ಹಿಂದಿನದು, ಕೊನೆಗೆ ಕ್ಲಾಂಪ್ ತೆಗೆದು ನಡುವಿನದು. ಡ್ರಿಲ್‌ನ ಕ್ಲಚ್ ಕಮ್ಮಿ ಅಂಕಿಯಲ್ಲಿಟ್ಟು ಶುರು ಮಾಡಿ, ನಿಧಾನ ವೇಗ. ತಲೆ ಕೂತ ಮೇಲೂ ಸ್ಕ್ರೂ ಹಗುರವಾಗಿ ಸುತ್ತಿದರೆ ಒಳಗೆ ಮರ ಕಿತ್ತಿದೆ ಅಂತ ಅರ್ಥ. ಉದ್ದದ ಸ್ಕ್ರೂ ಹಾಕೋಕೆ ಹೋಗಬೇಡಿ, 25 ಮಿ.ಮೀ. ಪಕ್ಕದಲ್ಲಿ ಇನ್ನೊಂದು ತೂತು ಕೊರೆಯಿರಿ.

ಕಪಾಟುಕೋಣೆ:
ನಾನು ಮಾಡ್ತಿರೋದು ಪಾರ್ಟಿಕಲ್ ಬೋರ್ಡ್‌ದು, ಹಲಗೆ ಮೇಲೆ ಕೆಳಗೆ ಸರಿಸಿಕೊಳ್ಳೋ ಥರ. ಪಿನ್ನಿನ ತೂತಿಗೂ ಇದೇ ಜಿಗ್ ಆಗುತ್ತಾ?

ಕೀಸುಳಿ:
ಇಲ್ಲ ಕಪಾಟುಕೋಣೆ ಅವರೇ, ಪಿನ್ನಿಗೆ ನೇರ ತೂತು ಬೇಕು, ಈ ಜಿಗ್ ಕೊರೆಯೋದು ಓರೆ. ಅದು ಬೇರೆ ಪಟ್ಟಿ ಜಿಗ್. ಪಾರ್ಟಿಕಲ್ ಬೋರ್ಡ್‌ಗೆ ಕ್ಲಚ್ ಇನ್ನೂ ಕಮ್ಮಿ ಇಡಿ, ಕೊನೆಯ ಸುತ್ತು ಕೈಯಲ್ಲೇ ತಿರುಗಿಸಿ. ಅದರ ಮರೆ ಒಂದು ಸಲ ಕಿತ್ತರೆ ಮತ್ತೆ ಹಿಡಿಯಲ್ಲ.

ಕ್ರಮದಲ್ಲಿ ನನ್ನದು ಬೇರೆ ಅಭಿಪ್ರಾಯ. ಎರಡು ಪಕ್ಕವನ್ನೂ ಒಟ್ಟಿಗೆ ನಿಲ್ಲಿಸಿದರೆ ಐದು ಹಲಗೆಯ ಉದ್ದ ಕೂದಲಷ್ಟೂ ವ್ಯತ್ಯಾಸ ಇರಬಾರದು. ಒಂದು ಹಲಗೆ 1 ಮಿ.ಮೀ. ಗಿಡ್ಡ ಇದ್ದರೆ ಬಾರ್ ಕ್ಲಾಂಪ್ ಪಕ್ಕದ ಹಲಗೆಯನ್ನೇ ಬಗ್ಗಿಸಿ ಸಂದು ಮುಚ್ಚುತ್ತೆ, ಮುಂದಿನಿಂದ ನೋಡಿದರೆ ಹೊಟ್ಟೆ ಒಳಗೆ ಹೋದ ಹಾಗೆ ಕಾಣುತ್ತೆ. ನಾನು ಐದನ್ನೂ ಎಡಪಕ್ಕಕ್ಕೆ ಮುಗಿಸಿ, ಬಾಚಣಿಗೆ ಥರ ಆದ ಮೇಲೆ ಬಲಪಕ್ಕ ತಾಗಿಸ್ತೀನಿ. ಗಿಡ್ಡ ಹಲಗೆ ಅಲ್ಲೇ ಸಿಕ್ಕಿಬೀಳುತ್ತೆ, ಬಿಚ್ಚೋದು ಮೂರೇ ಸ್ಕ್ರೂ.

ಮೂಲೆಮಟ್ಟ:
ಹಲಗೆ ಸಿಕ್ಕಿಬೀಳೋದು ನಿಜ. ಆದರೆ ಬಾಚಣಿಗೆ ಆಗಿರುವಾಗ 764 ಉದ್ದದ ಹಲಗೆ ಒಂದೇ ತುದಿಯಲ್ಲಿ ನೇತಾಡುತ್ತೆ, ಸ್ವಲ್ಪ ತಗುಲಿದರೂ ಆ ಮೂರು ಸ್ಕ್ರೂ ಮೇಲೆ ಸನ್ನೆಗೋಲು ಹಾಕಿದ ಹಾಗೆ. ಐದನ್ನೂ ಗರಗಸಕ್ಕೆ ಒಂದೇ ತಡೆ ಕಟ್ಟಿ ಕತ್ತರಿಸಿ, ಜೋಡಿಸೋ ಮುಂಚೆ ತುದಿ ಮೇಲೆ ಒಟ್ಟಿಗೆ ನಿಲ್ಲಿಸಿ ನೆತ್ತಿ ಮೇಲೆ ಬೆರಳಾಡಿಸಿ ನೋಡಿದರೆ ಸಾಕು ಅನ್ನೋದು ನನ್ನ ಮಾತು.

ಕೀಸುಳಿ:
ಹತ್ತಿರ ಇನ್ನೊಬ್ಬರಿದ್ದು ಹಿಡಿದುಕೊಂಡರೆ ನೇತಾಡೋ ಮಾತೇ ಇಲ್ಲ. ಒಬ್ಬರೇ ಆದರೆ ನಿಮ್ಮದು ಸರಿ ಇರಬಹುದು.

ಸಣ್ಣರಂಪ:
ಯಾರೂ ಎರಡು ವಿಷಯ ಎತ್ತಲಿಲ್ಲ. ಪಾಕೆಟ್ ಸ್ಕ್ರೂ ಎಳೆತಕ್ಕೆ ಗಟ್ಟಿ, ಕಪಾಟು ಪಕ್ಕಕ್ಕೆ ಓಲಾಡೋದನ್ನು ಅದೊಂದೇ ತಡೆಯಲ್ಲ. 6 ಮಿ.ಮೀ. ಪ್ಲೈನ ಹಿಂಬದಿ ಹಲಗೆ ಎಲ್ಲ ಅಡ್ಡ ಹಲಗೆಗೂ ಸೇರಿಸಿ ಬಡಿಯಿರಿ, ಕರ್ಣ ಇನ್ನೊಂದು ಸಲ ಅಳೆದು ಆಮೇಲೆ. ಎರಡನೆಯದು, 764 ಉದ್ದದ 18 ಮಿ.ಮೀ. ಪ್ಲೈ ತುಂಬ ಪುಸ್ತಕ ಇಟ್ಟರೆ ಕಾಲಕ್ರಮೇಣ ನಡುವೆ ಬಗ್ಗುತ್ತೆ. ಅದಕ್ಕೂ ಜೋಡಣೆಗೂ ಸಂಬಂಧ ಇಲ್ಲ, ಸ್ಕ್ರೂ ಹೆಚ್ಚು ಹಾಕಿದರೆ ನಿಲ್ಲಲ್ಲ. ಮುಂದಿನ ಅಂಚಿಗೆ 40 ಮಿ.ಮೀ. ಎತ್ತರದ ಗಟ್ಟಿ ಮರದ ಪಟ್ಟಿ ಅಂಟಿಸಿದರೆ ನಿಲ್ಲುತ್ತೆ, ಪ್ಲೈ ಅಂಚೂ ಮುಚ್ಚುತ್ತೆ.

ಹೊಸಗರಗಸ:
ಕ್ಯಾಲಿಪರ್ ಇಟ್ಟು ನೋಡಿದೆ, ಪ್ಲೈ 17.2 ಇದೆ. ಕಾಲರ್ 19ಕ್ಕೇ ಇತ್ತು. 2 ಮಿ.ಮೀ. ಸರಿಸಿ ಮತ್ತೆ ಓಡಿಸಿದೆ, ಮೊನೆ ಈಗ 13 ಹೊರಗೆ ಬರುತ್ತೆ. ಖಾನೆ ಲೆಕ್ಕ ಈಗ 411 ಆಗುತ್ತೆ, ಪಟ್ಟಿ ಹಾಗೇ ಕತ್ತರಿಸ್ತೀನಿ. ಒಬ್ಬನೇ ಇರೋದರಿಂದ ಎರಡು ಪಕ್ಕ ಒಟ್ಟಿಗೆ ನಿಲ್ಲಿಸ್ತೀನಿ. ಮುಂದಿನ ಮರದ ಪಟ್ಟಿ ಜೋಡಿಸೋ ಮುಂಚೆ ಅಂಟಿಸಲೋ ಆಮೇಲೋ?

ಸಣ್ಣರಂಪ:
ಆಮೇಲೆ. ಮುಂಚೆ ಅಂಟಿಸಿದರೆ ಪಟ್ಟಿ ಹಲಗೆಗಿಂತ ಕೆಳಕ್ಕೆ ಇಳಿದಿರುತ್ತೆ, ಮುಂದಿನ ತೂತಿಗೆ ಡ್ರಿಲ್ ಹಿಡಿಯೋವಾಗ ಕೈಗೆ ಅಡ್ಡ.

ಕೀಸುಳಿ:
ಮುಂಚೆ ಅಂಟಿಸಿ ಕೀಸಿಬಿಟ್ಟರೆ ಮೇಲ್ಮೈ ಸಮ ಮಾಡೋದು ಸುಲಭ ಆಗುತ್ತೆ. ಮುಂದಿನ ತೂತನ್ನು 45 ಬದಲು 60ಕ್ಕೆ ಸರಿಸಿದರೆ ಡ್ರಿಲ್ ತಗುಲಲ್ಲ.