ಅಪ್‌ಡೇಟ್: ಹಾಲೂಡಿಸುವ ಬಿಡುವು ಕೋರಿ ಎಚ್‌ಆರ್‌ಗೆ ಬರೆದ ಇಮೇಲ್

ನನ್ನ ಪ್ರಶ್ನೆ: "ಹೆರಿಗೆ ರಜೆ ಮುಗಿಯುತ್ತಿದೆ. ಹಂತಹಂತವಾಗಿ ಕೆಲಸಕ್ಕೆ ಮರಳಲು, ನಡುವೆ ಮಗುವಿಗೆ ಹಾಲೂಡಿಸಲು ಅವಕಾಶ ಬೇಕೆಂದು ಎಚ್‌ಆರ್‌ಗೆ ಹೇಗೆ ಬರೆಯಲಿ?"

ಹಕ್ಕನ್ನೂ ಕೋರಿಕೆಯನ್ನೂ ಬೆರೆಸದೆ ಬೇರೆ ಬೇರೆ ಪ್ಯಾರಾಗಳಲ್ಲಿ ಬರೆದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಿಡುವು ಕೊಡಬೇಕೆಂಬ ನಿಯಮ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಹಂತಹಂತವಾಗಿ ಮರಳುವುದು ಮಾತ್ರ ಕಾನೂನಿನ ಹಕ್ಕಲ್ಲ. ಮನೆಯಿಂದ ಕೆಲಸ ಮಾಡುವುದೂ ಕೆಲಸದ ಸ್ವರೂಪ ಮತ್ತು ಇಬ್ಬರ ಒಪ್ಪಿಗೆಗೆ ಬಿಟ್ಟದ್ದು.

"ಊಟದ ವಿರಾಮದಲ್ಲೇ ಹೊಂದಿಸಿಕೊಳ್ಳಿ ಮೇಡಂ" ಎಂದು ಎಚ್‌ಆರ್ ಮೊದಲು ಉತ್ತರಿಸಿದರು. ಈ ಬಿಡುವುಗಳು ವಿಶ್ರಾಂತಿಯ ವಿರಾಮಕ್ಕೆ ಹೆಚ್ಚುವರಿ ಎಂದು ಕಾನೂನೇ ಹೇಳುತ್ತದೆಂದು ವಿನಯದಿಂದಲೇ ತಿಳಿಸಿದ ಮೇಲೆ ಲಿಖಿತ ಒಪ್ಪಿಗೆ ಬಂತು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಮನೆಗೆ ಹೋಗಿಬರುವುದು ಆಗದ ಮಾತಾದ್ದರಿಂದ, ಮಗುವನ್ನು ಕಚೇರಿಯ ಶಿಶುಪಾಲನಾ ಕೇಂದ್ರದಲ್ಲೇ ಬಿಡುತ್ತೇನೆ. ಮೊದಲ ತಿಂಗಳು ವಾರಕ್ಕೆ ಮೂರು ದಿನ ಕಚೇರಿ, ಉಳಿದದ್ದು ಮನೆಯಿಂದ; ಮುಂದಿನದ್ದು ಮ್ಯಾನೇಜರ್ ಜೊತೆ ಚರ್ಚೆಯಾಗಬೇಕು.